ಮೂರು ವೃತ್ತ, ಏಳು ಮನೆ: ವೆನ್ ಚಿತ್ರದ ಕೂಡುಜಾಗಕ್ಕೆ ಹೆಸರು ಬರೆಯುವುದು ಹೇಗೆ

ಬಾಗಲಕೋಟೆ ಜಿಲ್ಲೆಯ ಒಂದು ಶಾಲೆಯಲ್ಲಿ ವಸ್ತುಪ್ರದರ್ಶನ ಇತ್ತು. ನಮ್ಮ ಒಂಬತ್ತನೇ ತರಗತಿ ಮಕ್ಕಳು ಬಾದಾಮಿ, ಐಹೊಳೆ, ಪಟ್ಟದಕಲ್ಲು ಮೂರನ್ನೂ ಹೋಲಿಸಿ ದೊಡ್ಡ ವೆನ್ ಚಿತ್ರ ಬರೆದು ಗೋಡೆಗೆ ಹಾಕಿದ್ದರು. ಮೂರು ವೃತ್ತ, ಮೂರು ಬಣ್ಣ, ಚೆಂದದ ಅಕ್ಷರ. ಒಬ್ಬ ಹುಡುಗಿಯ ತಂದೆ ಬಂದು ಚಿತ್ರದ ಮುಂದೆ ತುಂಬ ಹೊತ್ತು ನಿಂತರು. ಆಮೇಲೆ ನನ್ನನ್ನು ಕರೆದು ಕೇಳಿದರು: "ಸರ್, ಪಟ್ಟದಕಲ್ಲಾಗ ಜೈನ ಗುಡಿ ಐತಲ್ರಿ. ನೀವ್ಯಾಕ ಬರದಿಲ್ಲ?"

ಬರೆದಿದ್ದೆವು. ಚಿತ್ರದ ನಟ್ಟನಡುವೆ, ಮೂರೂ ವೃತ್ತ ಕೂಡುವ ಜಾಗದಲ್ಲಿ "ಜೈನ ಗುಡಿ" ಅಂತ ದಪ್ಪ ಅಕ್ಷರದಲ್ಲೇ ಇತ್ತು. ಆದರೆ ಅವರು ನೋಡಿದ್ದು "ಪಟ್ಟದಕಲ್ಲು" ಎಂಬ ಹೆಸರು ಇದ್ದ ಭಾಗವನ್ನು ಮಾತ್ರ. ಆ ಹೆಸರನ್ನು ನಾವು ವೃತ್ತದ ಒಳಗೆ, ಬೇರೆ ಯಾವ ವೃತ್ತವೂ ಮುಟ್ಟದ ಭಾಗದಲ್ಲಿ ಬರೆದಿದ್ದೆವು. ಹೆಸರು ಎಲ್ಲಿದೆಯೋ ಅಷ್ಟೇ ಪಟ್ಟದಕಲ್ಲು ಎಂದು ಅವರು ಓದಿಕೊಂಡರು. ನಡುವಿನದು ಅವರಿಗೆ ಇನ್ಯಾವುದೋ ನಾಲ್ಕನೇ ಡಬ್ಬಿಯ ಹಾಗೆ ಕಂಡಿತ್ತು. ತಪ್ಪು ಅವರದಲ್ಲ, ಪೂರ್ತಿ ನಮ್ಮದು.

ಆ ಚಿತ್ರವನ್ನು ಮಕ್ಕಳ ಜೊತೆ ಕೂತು ಮೊದಲಿನಿಂದ ಮತ್ತೆ ಬರೆದೆವು. ಹೇಗೆ ಬರೆದೆವು ಅನ್ನುವುದನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಎರಡು ಮಾತು ಮೊದಲೇ ಇರಲಿ. ಎರಡು ಅಥವಾ ಮೂರು ವೃತ್ತ ಒಂದರ ಮೇಲೊಂದು ಬಂದ ಭಾಗವನ್ನು ನಾನು "ಕೂಡುಜಾಗ" ಎನ್ನುತ್ತೇನೆ. ಗೆರೆಗಳಿಂದ ಬೇರೆಯಾದ ಒಂದೊಂದು ತುಂಡನ್ನು ಚೌಕಾಬಾರದ ಮಣೆಯಲ್ಲಿ ಹೇಳುವ ಹಾಗೆ "ಮನೆ" ಎನ್ನುತ್ತೇನೆ. ಮೂರು ವೃತ್ತ ಹಾಕಿದರೆ ಒಳಗೆ ಏಳು ಮನೆ ಆಗುತ್ತವೆ: ಒಂದೊಂದಕ್ಕೇ ಸೇರಿದವು ಮೂರು, ಎರಡೆರಡು ಕೂಡಿದವು ಮೂರು, ನಡುವೆ ಒಂದು. ಹೊರಗಿನ ಖಾಲಿ ಹಾಳೆ ಎಂಟನೆಯದು.

ಹಂತ 1: ವೃತ್ತ ಯಾವುದು, ಒಳಗೆ ಬರೆಯುವುದು ಏನು

ಪೆನ್ಸಿಲ್ ಹಿಡಿಯುವ ಮೊದಲು ಇದನ್ನು ಬಗೆಹರಿಸಿಕೊಳ್ಳಿ. ವೆನ್ ಚಿತ್ರವನ್ನು ಎರಡು ರೀತಿ ಬರೆಯಬಹುದು. ಒಂದರಲ್ಲಿ ವೃತ್ತ ಅಂದರೆ ಒಂದು ಊರು, ಒಳಗೆ ಬರೆಯುವುದು ಅದರ ಗುಣಗಳು. ನಮ್ಮ ಚಿತ್ರ ಈ ಬಗೆಯದು. ಇನ್ನೊಂದರಲ್ಲಿ ವೃತ್ತ ಅಂದರೆ ಒಂದು ಗುಣ, ಒಳಗೆ ಬರೆಯುವುದು ಊರುಗಳ ಹೆಸರು. "ಗುಹಾಲಯ ಇರುವ ಊರು" ಎಂದು ಒಂದು ವೃತ್ತ, "ಹೊಳೆ ದಂಡೆಯ ಊರು" ಎಂದು ಇನ್ನೊಂದು ವೃತ್ತ. ಐಹೊಳೆ ಎರಡೂ ಕೂಡಿದ ಜಾಗದಲ್ಲಿ ಬರುತ್ತದೆ.

ಎರಡೂ ಸರಿಯೇ. ಆದರೆ ಒಂದೇ ಹಾಳೆಯಲ್ಲಿ ಎರಡನ್ನೂ ಬೆರೆಸಬಾರದು. ಮಕ್ಕಳ ಮೊದಲ ಚಿತ್ರದಲ್ಲಿ ಬಾದಾಮಿಯ ವೃತ್ತದೊಳಗೆ "ರಾಜಧಾನಿ" ಎಂದೂ ಇತ್ತು, ಅದರ ಪಕ್ಕದಲ್ಲೇ "ಮಾಲೆಗಿತ್ತಿ ಶಿವಾಲಯ" ಎಂದೂ ಇತ್ತು. ಮೊದಲನೆಯದು ಗುಣ, ಎರಡನೆಯದು ಒಂದು ಗುಡಿಯ ಹೆಸರು. ಗುಡಿಯ ಹೆಸರು ಯಾವತ್ತೂ ಕೂಡುಜಾಗಕ್ಕೆ ಬರುವುದಿಲ್ಲ, ಒಂದು ಗುಡಿ ಎರಡು ಊರಲ್ಲಿ ಇರಲಾರದು ಅಲ್ವಾ? ಹಾಗಾಗಿ ಹೆಸರುಗಳು ಸೇರಿದಷ್ಟೂ ಅಂಚಿನ ಮನೆಗಳು ತುಂಬುತ್ತವೆ, ನಡುವೆ ಬರಿದಾಗುತ್ತದೆ. ನೋಡುವವರಿಗೆ ಈ ಮೂರು ಊರಿಗೂ ಸಂಬಂಧವೇ ಇಲ್ಲ ಅನ್ನಿಸುತ್ತದೆ. ನಾವು ಗುಡಿಯ ಹೆಸರುಗಳನ್ನೆಲ್ಲ ತೆಗೆದು ಗುಣಗಳನ್ನು ಮಾತ್ರ ಉಳಿಸಿಕೊಂಡೆವು.

ಹಂತ 2: ಚಿತ್ರಕ್ಕೆ ಮೊದಲು ಕೋಷ್ಟಕ

ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಕೊಡಬೇಕಾದದ್ದು ಇಲ್ಲಿಗೆ. ಒಂದೊಂದು ಗುಣವನ್ನೂ ಪ್ರಶ್ನೆಯಾಗಿ ಮಾಡಿ, ಅದನ್ನು ಮೂರೂ ಊರಿಗೆ ಕೇಳಿ. ಉತ್ತರ ಹೌದು ಅಥವಾ ಇಲ್ಲ, ಅಷ್ಟೇ. ನಮ್ಮದು ಹೀಗೆ ಬಂತು:

| ಗುಣ | ಬಾದಾಮಿ | ಐಹೊಳೆ | ಪಟ್ಟದಕಲ್ಲು |
|---|---|---|---|
| ಮರಳುಗಲ್ಲಿನ ಚಾಲುಕ್ಯ ಗುಡಿಗಳು | ಹೌದು | ಹೌದು | ಹೌದು |
| ಜೈನ ಗುಡಿ | ಹೌದು | ಹೌದು | ಹೌದು |
| ಬಂಡೆ ಕೊರೆದ ಗುಹಾಲಯ | ಹೌದು | ಹೌದು | ಇಲ್ಲ |
| ಮಲಪ್ರಭಾ ಹೊಳೆ ದಂಡೆ | ಇಲ್ಲ | ಹೌದು | ಹೌದು |
| ಚಾಲುಕ್ಯರ ರಾಜಧಾನಿ | ಹೌದು | ಇಲ್ಲ | ಇಲ್ಲ |
| ರವಿಕೀರ್ತಿಯ ಶಾಸನ, 634 | ಇಲ್ಲ | ಹೌದು | ಇಲ್ಲ |
| ವಿಶ್ವ ಪರಂಪರೆಯ ತಾಣ, 1987 | ಇಲ್ಲ | ಇಲ್ಲ | ಹೌದು |

ಮೂರು ಉತ್ತರ ನೋಡಿದರೆ ಸಾಕು, ಗುಣ ಯಾವ ಮನೆಗೆ ಹೋಗಬೇಕು ಅನ್ನುವುದು ತಾನೇ ಗೊತ್ತಾಗುತ್ತದೆ. ಹೌದು-ಹೌದು-ಇಲ್ಲ ಅಂದರೆ ಬಾದಾಮಿ, ಐಹೊಳೆ ಕೂಡಿದ ಮನೆ. ಇಲ್ಲಿ ಊಹೆಗೆ ಜಾಗವೇ ಇಲ್ಲ.

ಕಷ್ಟ ಇರುವುದು ಪ್ರಶ್ನೆಯ ಪದಗಳಲ್ಲಿ. ಎರಡನೇ ಸಾಲನ್ನು ನೋಡಿ. ಬಾದಾಮಿಯ ನಾಲ್ಕನೇ ಗುಹೆ ಜೈನರದು. ಐಹೊಳೆಯಲ್ಲಿ ಮೇಗುತಿ ಎಂಬ ಜೈನ ಗುಡಿ ಇದೆ. ಪಟ್ಟದಕಲ್ಲಿನಲ್ಲೂ ಊರಿಗೆ ಸ್ವಲ್ಪ ಹೊರಗೆ ಜೈನ ಗುಡಿ ಇದೆ, ಆದರೆ ಅದು ರಾಷ್ಟ್ರಕೂಟರ ಕಾಲದ್ದು. ಒಬ್ಬ ಹುಡುಗ ಮೊದಲು "ಚಾಲುಕ್ಯರ ಜೈನ ಗುಡಿ" ಎಂದು ಬರೆದಿದ್ದ. ಹಾಗೆ ಬರೆದರೆ ಪಟ್ಟದಕಲ್ಲಿಗೆ ಉತ್ತರ "ಇಲ್ಲ" ಆಗುತ್ತದೆ, ಗುಣ ನಡುವಿನ ಮನೆಯಿಂದ ಬಾದಾಮಿ-ಐಹೊಳೆ ಮನೆಗೆ ಜಾರುತ್ತದೆ. ಬರೀ "ಜೈನ ಗುಡಿ" ಅಂದರೆ ನಡುವೆಯೇ ನಿಲ್ಲುತ್ತದೆ. ಒಂದು ಪದ ಸೇರಿಸಿದ್ದಕ್ಕೆ ಮನೆ ಬದಲಾಯಿತು. ಹೊಳೆಯ ಸಾಲೂ ಹಾಗೇ. "ಮಲಪ್ರಭಾ ದಂಡೆ" ಅಂದರೆ ಐಹೊಳೆ, ಪಟ್ಟದಕಲ್ಲು ಮಾತ್ರ, ಯಾಕೆಂದರೆ ಬಾದಾಮಿ ಇರುವುದು ಅಗಸ್ತ್ಯ ತೀರ್ಥದ ಸುತ್ತ, ಹೊಳೆ ಅಲ್ಲಿಂದ ದೂರ. "ಮಲಪ್ರಭಾ ಕಣಿವೆ" ಅಂದಿದ್ದರೆ ಮೂರೂ ಒಳಗೆ ಬರುತ್ತಿದ್ದವು. ಕೋಷ್ಟಕದಲ್ಲಿ ಯಾವ ಪದ ಬಳಸಿ ಉತ್ತರ ಪಡೆದಿರೋ ಅದೇ ಪದ ಚಿತ್ರಕ್ಕೂ ಹೋಗಬೇಕು. ಜಾಗ ಸಾಲದು ಅಂತ ನಡುವೆ ಪದ ಕತ್ತರಿಸಿದರೆ ಉತ್ತರವೇ ಸುಳ್ಳಾಗಬಹುದು.

"ಹೌದು" ಅನ್ನುವುದಕ್ಕಿಂತ "ಇಲ್ಲ" ಅನ್ನುವುದು ಜಾಸ್ತಿ ಕಷ್ಟ ಅನ್ನುವುದನ್ನೂ ಇಲ್ಲೇ ಕಲಿತೆವು. ಮೊದಲ ಚಿತ್ರದಲ್ಲಿ "ರೇಖಾನಾಗರ ಶಿಖರ", ಅಂದರೆ ಉತ್ತರ ಭಾರತದ ಶೈಲಿಯ ಬಾಗಿದ ಶಿಖರ, ಎಂಬುದನ್ನು ಪಟ್ಟದಕಲ್ಲಿನ ಒಂಟಿ ಮನೆಯಲ್ಲಿ ಬರೆದಿದ್ದೆವು. ಗಳಗನಾಥ, ಕಾಶಿವಿಶ್ವನಾಥ ಗುಡಿಗಳು ಕಣ್ಣಮುಂದೆ ಇದ್ದವಲ್ಲ. ಆದರೆ ಒಂಟಿ ಮನೆಯಲ್ಲಿ ಬರೆಯುವುದು ಅಂದರೆ "ಉಳಿದ ಎರಡು ಕಡೆ ಇಲ್ಲ" ಎಂದು ಹೇಳಿದ ಹಾಗೆ. ಐಹೊಳೆಯ ಹುಚ್ಚಿಮಲ್ಲಿ ಗುಡಿಯ ಶಿಖರವೂ ರೇಖಾನಾಗರವೇ! "ಹೌದು" ಅನ್ನಲು ಒಂದು ಗುಡಿ ತೋರಿಸಿದರೆ ಸಾಕು. "ಇಲ್ಲ" ಅನ್ನಲು ಆ ಊರಿನ ಎಲ್ಲ ಗುಡಿಗಳನ್ನೂ ನೋಡಿರಬೇಕು. ಅದಕ್ಕೇ ಪ್ರತಿ "ಇಲ್ಲ"ದ ಪಕ್ಕದಲ್ಲಿ ಅದನ್ನು ಹೇಗೆ ಖಚಿತ ಮಾಡಿಕೊಂಡಿರಿ ಎಂದು ಪೆನ್ಸಿಲಿನಲ್ಲಿ ಬರೆದಿಡಿ. ಬರೆಯಲಾಗದಿದ್ದರೆ ಆ ಗುಣವನ್ನೇ ಬಿಡಿ. ನಾವು ಶಿಖರದ ಸಾಲನ್ನು ತೆಗೆದೇ ಬಿಟ್ಟೆವು.

ಹಂತ 3: ವೃತ್ತದ ಅಳತೆ

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಚಾರ್ಟ್ ಹಾಳೆ 56 ಸೆಂ.ಮೀ. ಅಗಲ, 71 ಸೆಂ.ಮೀ. ಉದ್ದ. ಅದನ್ನು ಅಡ್ಡವಾಗಿ ಇಟ್ಟುಕೊಳ್ಳಿ. ಮೂರೂ ವೃತ್ತಕ್ಕೆ ತ್ರಿಜ್ಯ 15 ಸೆಂ.ಮೀ., ಒಂದು ಕೇಂದ್ರದಿಂದ ಇನ್ನೊಂದಕ್ಕೆ ದೂರ 18 ಸೆಂ.ಮೀ. ಬೇರೆ ಗಾತ್ರದ ಹಾಳೆ ಆದರೆ ಈ ಲೆಕ್ಕ ನೆನಪಿಡಿ: ಕೇಂದ್ರಗಳ ನಡುವಿನ ದೂರ ತ್ರಿಜ್ಯದ 1.2 ಪಟ್ಟು.

ಯಾಕೆ 1.2? ತುಂಬ ಜನ ಒಂದು ವೃತ್ತದ ಅಂಚು ಇನ್ನೊಂದರ ಕೇಂದ್ರದ ಮೇಲೆ ಹಾಯುವ ಹಾಗೆ ಬರೆಯುತ್ತಾರೆ, ಅಂದರೆ ದೂರ ತ್ರಿಜ್ಯಕ್ಕೆ ಸಮ. ನೋಡಲು ಚೆಂದ. ಆದರೆ ನಡುವಿನ ಮನೆ ದೊಡ್ಡದಾಗಿ, ಎರಡೆರಡು ಕೂಡುವ ಮನೆಗಳು ಅದಕ್ಕಿಂತ ಚಿಕ್ಕದಾಗುತ್ತವೆ, ಅಲ್ಲಿ ಅಕ್ಷರ ಹಿಡಿಸುವುದಿಲ್ಲ. ವೃತ್ತಗಳನ್ನು ತೀರಾ ದೂರ ಸರಿಸಿದರೆ ನಡುವಿನ ಮನೆ ಬೆರಳು ಇಡುವಷ್ಟೇ ಉಳಿಯುತ್ತದೆ. 1.2 ಪಟ್ಟು ಇಟ್ಟರೆ ನಾಲ್ಕೂ ಕೂಡುಜಾಗಕ್ಕೆ ಬರೆಯುವಷ್ಟು ಜಾಗ ಸಿಗುತ್ತದೆ. ನಮ್ಮ ಹಾಳೆಯಲ್ಲಿ ಪ್ರತಿ ಕೂಡುಜಾಗವೂ ಅಗಲವಾದ ಕಡೆ ಸುಮಾರು 12 ಸೆಂ.ಮೀ. ಬಂತು.

ಶಾಲೆಯ ಕೈವಾರ 15 ಸೆಂ.ಮೀ. ತೆರೆಯುವುದಿಲ್ಲ. ದಾರ ಕಟ್ಟಿ ಎಳೆದರೆ ದಾರ ಹಿಗ್ಗಿ, ಸುತ್ತಿ ಬರುವಷ್ಟರಲ್ಲಿ ಗೆರೆ ಕೂಡುವುದಿಲ್ಲ. ನಾವು ಮದುವೆ ಪತ್ರಿಕೆಯ ದಪ್ಪ ಕಾಗದದಿಂದ ಎರಡು ಬೆರಳು ಅಗಲದ ಪಟ್ಟಿ ಕತ್ತರಿಸಿದೆವು. ಒಂದು ತುದಿಗೆ ಗುಂಡುಸೂಜಿಯ ತೂತು. ಅಲ್ಲಿಂದ 15 ಸೆಂ.ಮೀ. ಮತ್ತು 18 ಸೆಂ.ಮೀ. ದೂರದಲ್ಲಿ ಪೆನ್ಸಿಲ್ ಮೊನೆ ಹೋಗುವಷ್ಟು ಒಂದೊಂದು ತೂತು. ಹಾಳೆಯ ಮೇಲ್ಭಾಗದಲ್ಲಿ 18 ಸೆಂ.ಮೀ. ಅಡ್ಡಗೆರೆ ಎಳೆದು ಎರಡು ತುದಿಗೂ ಚುಕ್ಕೆ ಇಡಿ. ಒಂದೊಂದು ಚುಕ್ಕೆಯಲ್ಲೂ ಸೂಜಿ ಊರಿ, 18ರ ತೂತಿನಿಂದ ಕೆಳಗೆ ಸಣ್ಣ ಕಮಾನು ಎಳೆಯಿರಿ. ಎರಡು ಕಮಾನು ಕತ್ತರಿಸಿದ ಕಡೆ ಮೂರನೇ ಕೇಂದ್ರ. ಆಮೇಲೆ 15ರ ತೂತಿನಿಂದ ಮೂರು ವೃತ್ತ. ಕೆಳಗೆ ಗಟ್ಟಿ ರಟ್ಟು ಇರಲಿ, ಇಲ್ಲದಿದ್ದರೆ ಸೂಜಿ ಜಾರುತ್ತದೆ.

ಮೇಲೆ ಎಡಕ್ಕೆ ಬಾದಾಮಿ, ಮೇಲೆ ಬಲಕ್ಕೆ ಐಹೊಳೆ, ಕೆಳಗೆ ಪಟ್ಟದಕಲ್ಲು ಎಂದು ಇಟ್ಟುಕೊಂಡೆವು. ಶೀರ್ಷಿಕೆಗೂ ಹೆಸರುಗಳಿಗೂ ಸುತ್ತ ಸಾಕಷ್ಟು ಜಾಗ ಉಳಿಯಿತು.

ಹಂತ 4: ಊರಿನ ಹೆಸರು ಹೊರಗೆ

ಆ ತಂದೆ ತಪ್ಪು ಓದಿದ್ದಕ್ಕೆ ಕಾರಣ ಇದೇ ಆಗಿತ್ತು. ವೃತ್ತದ ಹೆಸರನ್ನು ವೃತ್ತದ ಒಳಗೆ ಬರೆಯಬೇಡಿ. ಒಳಗೆ ಎಲ್ಲಿ ಬರೆದರೂ ಅದು ಯಾವುದೋ ಒಂದು ಮನೆಯೊಳಗೆ ಬೀಳುತ್ತದೆ, ಆ ಮನೆಯ ಹೆಸರಾಗಿ ಬಿಡುತ್ತದೆ. ಹೊರಗೆ, ಗೆರೆಗೆ ತಾಗುವಷ್ಟು ಹತ್ತಿರದಲ್ಲಿ, ಗೆರೆಯ ಬಣ್ಣದಲ್ಲೇ ಬರೆಯಿರಿ. ಆಗ ಹೆಸರು ಗೆರೆಗೆ ಸೇರುತ್ತದೆ, ಗೆರೆ ಸುತ್ತಿದ ಅಷ್ಟೂ ಭಾಗಕ್ಕೆ ಸೇರುತ್ತದೆ.

ನಾವು ಇನ್ನೊಂದು ಸಾಲು ಸೇರಿಸಿದೆವು. "ಪಟ್ಟದಕಲ್ಲು" ಎಂದು ಬರೆದು ಕೆಳಗೆ ಸಣ್ಣದಾಗಿ "ಈ ನೀಲಿ ಗೆರೆಯ ಒಳಗಿರುವುದೆಲ್ಲ ಇಲ್ಲಿದೆ". ವೆನ್ ಚಿತ್ರ ಗೊತ್ತಿದ್ದವರಿಗೆ ಇದು ಬೇಡ ಅನ್ನಿಸಬಹುದು. ಪ್ರದರ್ಶನಕ್ಕೆ ಬರುವವರಲ್ಲಿ ಎಷ್ಟೋ ಜನ ಇಂಥ ಚಿತ್ರವನ್ನು ಮೊದಲ ಸಲ ನೋಡುತ್ತಿರುತ್ತಾರೆ. ಅವರಿಗೆ ಆ ಒಂದು ಸಾಲು ಇಡೀ ಚಿತ್ರದ ಬೀಗದ ಕೈ.

ಹಂತ 5: ಕೂಡುಜಾಗಕ್ಕೆ ಹೆಸರು

ಇದಕ್ಕೆ ಕನ್ನಡ ನಮಗೆ ಒಂದು ಒಳ್ಳೆ ಅನುಕೂಲ ಕೊಟ್ಟಿದೆ: "ಊ". "ಬಾದಾಮಿ ಮತ್ತು ಐಹೊಳೆ" ಎಂದು ಬರೆದರೆ ಓದುವವರಿಗೆ ಎರಡು ಅರ್ಥ ಬರಬಹುದು. ಎರಡು ಊರುಗಳನ್ನೂ ಸೇರಿಸಿದ ಇಡೀ ಪಟ್ಟಿ ಅಂತಲೂ ಓದಬಹುದು, ಎರಡಕ್ಕೂ ಸಮಾನವಾದದ್ದು ಅಂತಲೂ ಓದಬಹುದು. "ಬಾದಾಮಿಯಲ್ಲೂ ಐಹೊಳೆಯಲ್ಲೂ" ಎಂದು ಬರೆದರೆ ಎರಡನೇ ಅರ್ಥ ಮಾತ್ರ ಉಳಿಯುತ್ತದೆ. ಚಿತ್ರದಲ್ಲಿ ವೃತ್ತಗಳು ಕೂಡುವ ಕೆಲಸವನ್ನು ಮಾತಿನಲ್ಲಿ ಈ "ಊ" ಮಾಡುತ್ತದೆ. ಅದಕ್ಕೇ ಕೂಡುಜಾಗದಲ್ಲಿ "ಮತ್ತು" ಬಳಸಬೇಡಿ ಎಂದು ಮಕ್ಕಳಿಗೆ ಖಡಾಖಂಡಿತವಾಗಿ ಹೇಳಿದೆ.

ಎರಡು ವೃತ್ತ ಇದ್ದರೆ ಇಷ್ಟು ಸಾಕು. ಮೂರು ವೃತ್ತ ಇದ್ದಾಗ ಇನ್ನೊಂದು ಮಾತು ಹೇಳಲೇಬೇಕು. ಬಾದಾಮಿಯಲ್ಲೂ ಐಹೊಳೆಯಲ್ಲೂ ಇರುವ ಗುಣ ಪಟ್ಟದಕಲ್ಲಿನಲ್ಲೂ ಇದ್ದರೆ ಅದು ನಡುವಿನ ಮನೆಗೆ ಹೋಗಬೇಕು. ಎರಡರಲ್ಲಿ ಮಾತ್ರ ಇದ್ದರೆ ಎರಡರ ಮನೆಯಲ್ಲಿ ನಿಲ್ಲಬೇಕು. ಆದ್ದರಿಂದ ಎರಡರ ಮನೆಯಲ್ಲಿ ಮೂರನೆಯದು ಇಲ್ಲ ಅನ್ನುವುದನ್ನೂ ಬರೆಯಿರಿ. ನಮ್ಮ ಮನೆಗಳು ಹೀಗೆ ತುಂಬಿದವು.

ಬಾದಾಮಿ, ಐಹೊಳೆ ಕೂಡುವ ಮನೆ:
"ಬಾದಾಮಿಯಲ್ಲೂ ಐಹೊಳೆಯಲ್ಲೂ
ಗುಹಾಲಯ
ಪಟ್ಟದಕಲ್ಲಿನಲ್ಲಿ ಇಲ್ಲ"

ಐಹೊಳೆ, ಪಟ್ಟದಕಲ್ಲು ಕೂಡುವ ಮನೆ:
"ಐಹೊಳೆಯಲ್ಲೂ ಪಟ್ಟದಕಲ್ಲಿನಲ್ಲೂ
ಮಲಪ್ರಭಾ ದಂಡೆ
ಬಾದಾಮಿಯಲ್ಲಿ ಇಲ್ಲ"

ನಡುವಿನ ಮನೆ:
"ಮೂರರಲ್ಲೂ
ಚಾಲುಕ್ಯ ಗುಡಿ
ಮರಳುಗಲ್ಲು
ಜೈನ ಗುಡಿ"

ಒಂಟಿ ಮನೆಗಳಲ್ಲಿ "ಮಾತ್ರ" ಬಂದೇ ಬರಬೇಕು. "ಪಟ್ಟದಕಲ್ಲಿನಲ್ಲಿ ಮಾತ್ರ: ವಿಶ್ವ ಪರಂಪರೆಯ ತಾಣ, 1987". ಆ ಮನೆಗೆ "ಪಟ್ಟದಕಲ್ಲು" ಎಂದಷ್ಟೇ ಬರೆದರೆ ಮತ್ತೆ ಹಳೇ ತಪ್ಪಿಗೇ ಹೋಗುತ್ತೇವೆ.

ಅಕ್ಷರದ ಬಗ್ಗೆ ಸ್ವಲ್ಪ. ಗುಣದ ಅಕ್ಷರ ದಪ್ಪಗೆ, ಒಂದೂವರೆ ಸೆಂ.ಮೀ. ಎತ್ತರ. "ಬಾದಾಮಿಯಲ್ಲೂ ಐಹೊಳೆಯಲ್ಲೂ" ಅನ್ನುವಂಥ ಸಾಲು ಅದಕ್ಕಿಂತ ಸಣ್ಣ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲಕ್ಕೆ ಏಳುತ್ತದೆ. "ಮರಳುಗಲ್ಲು" ಪದದ ಲ-ಒತ್ತು ಕೆಳಗಿನ "ಜೈನ"ದ ತಲೆಗೆ ತಾಗಿ ಮಕ್ಕಳ ಒಂದು ಹಾಳೆ ಕೆಟ್ಟಿತು. ಸಾಲಿನಿಂದ ಸಾಲಿಗೆ ಅಕ್ಷರದ ಎತ್ತರದಷ್ಟೇ ಖಾಲಿ ಬಿಡಿ. ಮೊದಲು ಪೆನ್ಸಿಲಿನಲ್ಲಿ ಬರೆದು ನೋಡಿ, ಯಾವ ಅಕ್ಷರವೂ ವೃತ್ತದ ಗೆರೆಯನ್ನು ಮುಟ್ಟಬಾರದು. ಒಂದು ಪದ ಗೆರೆಯ ಮೇಲೆ ಅಡ್ಡ ಕೂತರೆ ಅದು ಯಾವ ಮನೆಯದು ಎಂದು ಯಾರಿಗೂ ಹೇಳಲಾಗದು.

ಜಾಗ ಸಾಲದಿದ್ದರೆ ಬರಹವನ್ನು ಹೊರಗೆ ಬರೆದು ಸಣ್ಣ ಗೆರೆಯಿಂದ ಜೋಡಿಸಬಹುದು. ಗೆರೆಯ ತುದಿಗೆ ಬಾಣ ಬೇಡ, ಚುಕ್ಕೆ ಇಡಿ, ಅದೂ ಮನೆಯ ಹೊಟ್ಟೆಯಲ್ಲಿ, ಅಂಚಿನಲ್ಲಿ ಅಲ್ಲ. ಬಾಣದ ಮೊನೆ ಅಂಚಿಗೆ ತಾಗಿದರೆ ಅದು ಗೆರೆಯನ್ನು ತೋರಿಸುತ್ತಿದೆಯೋ, ಆಚೆ ಮನೆಯನ್ನೋ, ಈಚೆ ಮನೆಯನ್ನೋ ತಿಳಿಯುವುದಿಲ್ಲ. ಎರಡರ ಮನೆಗೆ ಹೊರಗಡೆ ಒಂದು ಚೂಪು ಮೂಲೆ ಇರುತ್ತದೆ, ಎರಡು ವೃತ್ತಗಳು ಹೊರಗೆ ಕತ್ತರಿಸುವ ಬಿಂದು. ಜೋಡಿಸುವ ಗೆರೆಯನ್ನು ಆ ಮೂಲೆಯಿಂದಲೇ ಹೊರಗೆ ಎಳೆಯಿರಿ. ಆಗ ಅದು ಬೇರೆ ಯಾವ ಮನೆಯನ್ನೂ ದಾಟುವುದಿಲ್ಲ. ನಡುವಿನ ಮನೆಗೆ ಅಂಥ ದಾರಿ ಇಲ್ಲ, ಎಲ್ಲಿಂದ ಹೋದರೂ ಇನ್ನೊಂದು ಮನೆ ದಾಟಲೇಬೇಕು. ಹಾಗಾಗಿ ನಡುವಿನದನ್ನು ಒಳಗೇ ಬರೆಯಿರಿ, ಬೇಕಾದರೆ ಉತ್ತರ ಬದಲಾಗದ ಹಾಗೆ ಪದ ಕಮ್ಮಿ ಮಾಡಿ.

ಹಂತ 6: ಖಾಲಿ ಉಳಿದ ಮನೆ

ಬಾದಾಮಿ, ಪಟ್ಟದಕಲ್ಲು ಎರಡರ ಮನೆ ನಮ್ಮಲ್ಲಿ ಖಾಲಿ ಉಳಿಯಿತು. ಖಾಲಿ ನೋಡಿದ ಕೂಡಲೇ ಮಕ್ಕಳಿಗೆ ಚಡಪಡಿಕೆ. ಒಬ್ಬಳು, "ಸರ್, ಎರಡೂ ಬಾದಾಮಿ ತಾಲೂಕಿನಾಗ ಅದಾವ, ಐಹೊಳೆ ಹುನಗುಂದ ತಾಲೂಕು, ಅದನ್ನ ಬರಿಯೂಣ್ರಿ" ಎಂದಳು. ಮಾತು ಸರಿ. ಆದರೆ ನಮ್ಮ ಚಿತ್ರ ಹಳೆಯ ಗುಡಿ-ಗುಹೆಗಳ ಬಗ್ಗೆ ಇತ್ತು. ಜಾಗ ತುಂಬಲಿ ಅಂತ ಸುಮ್ನೆ ಇನ್ನೊಂದು ಜಾತಿಯ ಗುಣ ತಂದರೆ ನೋಡುವವರು ಅದಕ್ಕೂ ಅಷ್ಟೇ ತೂಕ ಕೊಡುತ್ತಾರೆ.

ಖಾಲಿಯನ್ನು ಖಾಲಿಯೇ ಬಿಡಿ, ಆದರೆ ಬರೆಯಲು ಮರೆತದ್ದು ಅನ್ನಿಸದ ಹಾಗೆ ಬಿಡಿ. ನಾವು ಆ ಮನೆಯಲ್ಲಿ ಸಣ್ಣ ಅಡ್ಡಗೆರೆ ಹಾಕಿ, ಹಾಳೆಯ ಕೆಳಗೆ ಬರೆದೆವು: "ಅಡ್ಡಗೆರೆ: ನಾವು ಕೇಳಿದ ಏಳು ಪ್ರಶ್ನೆಗಳಲ್ಲಿ ಈ ಎರಡಕ್ಕೆ ಮಾತ್ರ ಸೇರುವುದು ಒಂದೂ ಇಲ್ಲ." ಜಾನ್ ವೆನ್ 1880ರಲ್ಲಿ ಈ ಚಿತ್ರಗಳ ಬಗ್ಗೆ ಬರೆದಾಗ ಅವರ ಪದ್ಧತಿಯ ತಿರುಳೇ ಇದಾಗಿತ್ತು. ಖಾಲಿ ಇದ್ದರೂ ಸರಿ, ಎಲ್ಲ ಮನೆಗಳನ್ನೂ ಬರೆಯಬೇಕು. ಅವರಿಗಿಂತ ಮೊದಲು ಗಣಿತಜ್ಞ ಆಯ್ಲರ್ ಬಳಸಿದ ವೃತ್ತಗಳಲ್ಲಿ ಹಾಗಲ್ಲ, ಸಂಬಂಧ ಇಲ್ಲದ ವೃತ್ತಗಳು ಅಲ್ಲಿ ಮುಟ್ಟುವುದೇ ಇಲ್ಲ. ಎರಡೇ ವೃತ್ತ ಇದ್ದು, ಸಮಾನವಾದದ್ದು ಏನೂ ಇಲ್ಲದಿದ್ದರೆ ಆಯ್ಲರ್ ರೀತಿ ದೂರ ದೂರ ಬರೆಯುವುದೇ ಓದಲು ಸುಲಭ.

ಹಂತ 7: ಬಣ್ಣ

ವೃತ್ತದೊಳಗೆ ಬಣ್ಣ ತುಂಬಬೇಡಿ ಎನ್ನುವುದು ನನ್ನ ಅಭಿಪ್ರಾಯ. ಹಳದಿಯ ಮೇಲೆ ನೀಲಿ ಬಂದರೆ ಹಸಿರಾಗುತ್ತದೆ. ನೋಡುವವರಿಗೆ ಹಸಿರು ಅಂದರೆ ಹೊಸದೊಂದು ಗುಂಪು. "ಈ ಹಸಿರು ಊರು ಯಾವುದ್ರಿ?" ಎಂದು ನಮ್ಮನ್ನೇ ಕೇಳಿದವರಿದ್ದಾರೆ. ಗೆರೆಗೆ ಮಾತ್ರ ಬಣ್ಣ ಕೊಡಿ, ದಪ್ಪಗೆ. ಕೆಂಪು, ಹಸಿರು ಎರಡನ್ನೂ ಒಟ್ಟಿಗೆ ಬಳಸಬೇಡಿ, ಅವನ್ನು ಬೇರೆ ಮಾಡಿ ನೋಡಲು ಕೆಲವರ ಕಣ್ಣಿಗೆ ಆಗುವುದಿಲ್ಲ. ನಾವು ನೀಲಿ, ಕಿತ್ತಳೆ, ಕಪ್ಪು ಬಳಸಿದೆವು.

ಕಂಪ್ಯೂಟರಿನಲ್ಲಿ ಬರೆಯುವವರು `PowerPoint`ನ `SmartArt` ಒಳಗಿನ `Basic Venn` ತೆಗೆದುಕೊಂಡರೆ ಒಂದು ತೊಂದರೆ ಇದೆ: ಅದರಲ್ಲಿ ಕೂಡುಜಾಗದೊಳಗೆ ಟೈಪ್ ಮಾಡಲು ಜಾಗವೇ ಇಲ್ಲ, ಹೆಸರು ವೃತ್ತದೊಳಗೇ ಹೋಗಿ ಕೂರುತ್ತದೆ. ಬದಲಿಗೆ ಮೂರು ವೃತ್ತಗಳನ್ನು ಬೇರೆ ಬೇರೆ ಹಾಕಿ, ಒಳಗಿನ ಬಣ್ಣಕ್ಕೆ `No Fill` ಕೊಡಿ. ಪ್ರತಿ ಮನೆಗೂ ಒಂದೊಂದು ಪ್ರತ್ಯೇಕ `Text Box` ಇಡಿ.

ಹಂತ 8: ಗೊತ್ತಿಲ್ಲದವರಿಗೆ ತೋರಿಸಿ

ಗೋಡೆಗೆ ಹಾಕುವ ಮೊದಲು, ಚಿತ್ರ ಬರೆಯುವಾಗ ಇರದಿದ್ದ ಒಬ್ಬರನ್ನು ಕರೆಯಿರಿ. ವಿವರಿಸಬೇಡಿ. ಎರಡೇ ಪ್ರಶ್ನೆ ಕೇಳಿ.

"ಪಟ್ಟದಕಲ್ಲಿನಲ್ಲಿ ಏನೇನಿದೆ?" ಸರಿಯಾದ ಉತ್ತರದಲ್ಲಿ ವಿಶ್ವ ಪರಂಪರೆ, ಮಲಪ್ರಭಾ ದಂಡೆ, ಚಾಲುಕ್ಯ ಗುಡಿ, ಮರಳುಗಲ್ಲು, ಜೈನ ಗುಡಿ ಐದೂ ಬರಬೇಕು. "ವಿಶ್ವ ಪರಂಪರೆ" ಎಂದಷ್ಟೇ ಹೇಳಿದರೆ ಅವರು ಒಂಟಿ ಮನೆಯನ್ನೇ ಇಡೀ ಊರು ಎಂದು ಓದಿದ್ದಾರೆ. ಹೊರಗಿನ ಹೆಸರನ್ನು ಸರಿಮಾಡಿ.

"ಗುಹೆ ಎಲ್ಲೆಲ್ಲಿ ಇದೆ?" ಬಾದಾಮಿ, ಐಹೊಳೆ ಎರಡೂ ಹೇಳಬೇಕು, ಪಟ್ಟದಕಲ್ಲು ಹೇಳಬಾರದು. ಮೂರೂ ಹೇಳಿದರೆ ಎರಡರ ಮನೆಯ ಬರಹ ನಡುವಿನ ಮನೆಗೆ ತೀರಾ ಹತ್ತಿರ ಬಿದ್ದಿದೆ. ಅದನ್ನು ಹೊರಗಿನ ಚೂಪು ಮೂಲೆಯ ಕಡೆ ಸರಿಸಿ.

ನಮ್ಮ ಶಾಲೆಯ ಅಡುಗೆಯ ಅಕ್ಕನವರನ್ನು ಕರೆದು ಕೇಳಿದೆವು. ಎರಡನೇ ಪ್ರಶ್ನೆಗೆ ಅವರು ಮೂರೂ ಹೇಳಿದರು. "ಗುಹಾಲಯ" ಎರಡು ಬೆರಳು ಮೇಲೆ ಹೋಯಿತು, ಆಮೇಲೆ ಕೇಳಿದವರೆಲ್ಲ ಸರಿ ಹೇಳಿದರು.

ಗುಣದ ಬದಲು ಸಂಖ್ಯೆ ಬರೆಯುವಾಗ

ಇದೇ ಚಿತ್ರದಲ್ಲಿ ಲೆಕ್ಕ ತೋರಿಸುವಾಗ ತಪ್ಪುವುದು ಇನ್ನೂ ಸುಲಭ. ಒಂದು ಅಭ್ಯಾಸದ ಲೆಕ್ಕ ತೆಗೆದುಕೊಳ್ಳೋಣ. ವಿಜಯಪುರ ಕಡೆಯ ಒಂದು ಹಳ್ಳಿಯಲ್ಲಿ 52 ಕುಟುಂಬಗಳನ್ನು "ಹೋದ ವರ್ಷ ಏನು ಬೆಳೆದಿರಿ?" ಎಂದು ಕೇಳಿದಿರಿ ಅಂದುಕೊಳ್ಳಿ. ಜೋಳ ಬೆಳೆದವರು 32, ಕಡಲೆ 24, ತೊಗರಿ 20. ಜೋಳವನ್ನೂ ಕಡಲೆಯನ್ನೂ ಬೆಳೆದವರು 14, ಜೋಳವನ್ನೂ ತೊಗರಿಯನ್ನೂ 10, ಕಡಲೆಯನ್ನೂ ತೊಗರಿಯನ್ನೂ 8. ಮೂರನ್ನೂ ಬೆಳೆದವರು 5. ಇಲ್ಲಿ ವೃತ್ತ ಅಂದರೆ ಬೆಳೆ, ಒಳಗಿರುವವು ಕುಟುಂಬಗಳು. ಹಂತ 1ರಲ್ಲಿ ಹೇಳಿದ ಎರಡನೇ ಬಗೆ ಇದು.

ಯಾವಾಗಲೂ ನಡುವಿನಿಂದ ಹೊರಗೆ ತುಂಬುತ್ತ ಹೋಗಿ. ನಡುವೆ 5. ಜೋಳ-ಕಡಲೆ ಮನೆಗೆ 14 ಅಲ್ಲ, 9. ಆ 14ರಲ್ಲಿ ಮೂರನ್ನೂ ಬೆಳೆದ 5 ಕುಟುಂಬ ಈಗಾಗಲೇ ನಡುವೆ ಕೂತಿವೆ. ಹಾಗೇ ಜೋಳ-ತೊಗರಿ 5, ಕಡಲೆ-ತೊಗರಿ 3. ಈಗ ಜೋಳ ಮಾತ್ರ ಬೆಳೆದವರು: 32ರಲ್ಲಿ 9, 5, 5 ಕಳೆದರೆ 13. ಕಡಲೆ ಮಾತ್ರ: 24ರಲ್ಲಿ 9, 3, 5 ಕಳೆದರೆ 7. ತೊಗರಿ ಮಾತ್ರ: 20ರಲ್ಲಿ 5, 3, 5 ಕಳೆದರೆ 7. ಏಳೂ ಮನೆ ಕೂಡಿಸಿದರೆ 49. ಕುಟುಂಬ 52, ಅಂದರೆ ಮೂರು ಕುಟುಂಬ ಈ ಮೂರರಲ್ಲಿ ಯಾವುದನ್ನೂ ಬೆಳೆದಿಲ್ಲ. ಆ 3ನ್ನು ವೃತ್ತಗಳ ಹೊರಗೆ, "ಮೂರರಲ್ಲಿ ಯಾವುದನ್ನೂ ಬೆಳೆಯದವರು" ಎಂದು ಬರೆಯಬೇಕು. ಬಿಟ್ಟರೆ ಲೆಕ್ಕ ಕೂಡಿಸಿ ನೋಡುವವರಿಗೆ ನಿಮ್ಮ ಚಿತ್ರದ ಮೇಲೇ ಅನುಮಾನ ಬರುತ್ತದೆ.

ಎರಡರ ಮನೆಗೆ 14, 10, 8 ಎಂದೇ ಬರೆದುಬಿಟ್ಟರೆ ತಪ್ಪು ಬೇಗ ಸಿಕ್ಕಿಬೀಳುತ್ತದೆ. ಕಡಲೆಯ 24ರಲ್ಲಿ 14, 8, 5 ಕಳೆದು ನೋಡಿ, ಸೊನ್ನೆಗಿಂತ ಮೂರು ಕೆಳಗೆ ಹೋಗುತ್ತದೆ. ಆದರೆ ಸಂಖ್ಯೆಗಳು ಬೇರೆ ಇದ್ದರೆ ಹೀಗೆ ಸಿಕ್ಕಿಬೀಳದೆಯೂ ಇರಬಹುದು. ಅದಕ್ಕೇ ಏಳು ಮನೆ, ಹೊರಗಿನದು, ಎಲ್ಲವನ್ನೂ ಕೂಡಿಸಿ ಒಟ್ಟಿಗೆ ತಾಳೆ ನೋಡುವುದನ್ನು ಬಿಡಬೇಡಿ.

ಬರಹದಲ್ಲಿ ಎರಡು ಬಗೆಯ ಸಂಖ್ಯೆಯನ್ನು ಬೇರೆ ಬೇರೆ ಇಡಿ. ಹೊರಗೆ ವೃತ್ತದ ಹೆಸರಿನ ಜೊತೆ "ಜೋಳ: ಒಟ್ಟು 32 ಕುಟುಂಬ". ಒಳಗೆ, ಒಂಟಿ ಮನೆಯಲ್ಲಿ "ಜೋಳ ಮಾತ್ರ 13". "ಒಟ್ಟು" ಹೊರಗೆ, "ಮಾತ್ರ" ಒಳಗೆ ಎಂದು ನೆನಪಿಟ್ಟುಕೊಂಡರೆ 32, 13ರ ಗೊಂದಲ ಬರುವುದಿಲ್ಲ. ಎಲ್ಲ ವೃತ್ತವೂ ಒಂದೇ ಅಳತೆಯವು ಆದ್ದರಿಂದ ಕೆಳಗೆ "ವೃತ್ತದ ಗಾತ್ರಕ್ಕೂ ಕುಟುಂಬಗಳ ಸಂಖ್ಯೆಗೂ ಸಂಬಂಧವಿಲ್ಲ" ಎಂದೂ ಬರೆಯಿರಿ. ನಮ್ಮ ಅಳತೆಯಲ್ಲಿ 3 ಇರುವ ಮನೆಯೂ 9 ಇರುವ ಮನೆಯೂ ಒಂದೇ ಸಮ ಕಾಣುತ್ತವೆ.

ನಾಲ್ಕನೇ ವೃತ್ತ

ಮುಂದಿನ ವರ್ಷ ಮಕ್ಕಳು ಮಹಾಕೂಟವನ್ನೂ ಸೇರಿಸೋಣ ಎಂದರು. ನಾಲ್ಕು ವೃತ್ತ ಬರೆದರು, ಹೂವಿನ ಹಾಗೆ ಕಂಡಿತು. ಆದರೆ ನಾಲ್ಕು ಹೆಸರಿಗೆ ಒಳಗೆ ಹದಿನೈದು ಮನೆ ಬೇಕು. ನಾಲ್ಕು ವೃತ್ತಗಳಿಂದ ಹೇಗೆ ಬರೆದರೂ ಹದಿಮೂರಕ್ಕಿಂತ ಜಾಸ್ತಿ ಬರುವುದಿಲ್ಲ. ಹೂವಿನಂಥ ಚಿತ್ರದಲ್ಲಿ ಎದುರುಬದುರಿನ ಎರಡು ವೃತ್ತಗಳಿಗೆ ಮಾತ್ರ ಸೇರಿದ ಮನೆ ಇರುವುದೇ ಇಲ್ಲ. ಅಲ್ಲಿ ಕೂರಬೇಕಾದ ಗುಣ ಪಕ್ಕದ ಮನೆಗೆ ಹೋಗಿ ಸುಳ್ಳು ಹೇಳುತ್ತದೆ. ಮೊಟ್ಟೆಯಾಕಾರದಲ್ಲಿ ಬರೆದರೆ ಹದಿನೈದೂ ಸಿಗುತ್ತವೆ, ಆದರೆ ದೂರದಿಂದ ಓದುವವರು ಆ ಗೆರೆಗಳನ್ನು ಹಿಂಬಾಲಿಸಲಾರರು. ಆ ಸಲ ನಾವು ವೃತ್ತವನ್ನೇ ಬಿಟ್ಟು ಹಂತ 2ರ ಕೋಷ್ಟಕವನ್ನೇ ದೊಡ್ಡದಾಗಿ ಬರೆದೆವು. "ಹೌದು" ಇದ್ದ ಕಡೆ ತುಂಬಿದ ಚುಕ್ಕೆ, "ಇಲ್ಲ" ಇದ್ದ ಕಡೆ ಖಾಲಿ ಚುಕ್ಕೆ, ಮೂರೋ ನಾಲ್ಕೋ ಚುಕ್ಕೆ ತುಂಬಿದ ಸಾಲುಗಳು ಮೇಲೆ.